‘ಕನ್ನಡ ಟೈಟಲ್ ಓಡಲ್ಲ’ ಅನ್ನೋರು ಮೊದಲು ಲೆಕ್ಕ ತೋರಿಸಿ

1/10

ಹೋದ ತಿಂಗಳು ನಮ್ಮ ಚಾನೆಲ್ ಗ್ರೂಪಲ್ಲಿ ಒಂದು ತೀರ್ಪು ಬಂತು. "ಕನ್ನಡ ಟೈಟಲ್ ಓಡಲ್ಲ ಗುರು. ನಾನ್ ಹೇಳ್ತಿಲ್ಲ, ಡೇಟಾ ಹೇಳ್ತಿದೆ." ಅಷ್ಟೇ. ಅವತ್ತೇ ರಾತ್ರಿ ಹಳೇ ವಿಡಿಯೊಗಳ ಟೈಟಲ್ ಎಲ್ಲಾ ಇಂಗ್ಲಿಷ್ ಆಯ್ತು.

ಗೊತ್ತಿಲ್ಲದವರಿಗೆ: ನಾವು ನಾಲ್ಕು ಜನ ಬಿಕಾಂ ಲೆಕ್ಕಗಳನ್ನ ಕನ್ನಡದಲ್ಲಿ ಬಿಡಿಸಿ ಯೂಟ್ಯೂಬ್‌ಗೆ ಹಾಕ್ತೀವಿ. ಕಾಸ್ಟ್ ಶೀಟ್, ಬ್ರೇಕ್ ಈವನ್, ವೇರಿಯನ್ಸ್, ಇಂಥವು. ಒಬ್ಬ ಆರ್‌ಟಿ ನಗರದವನು, ಒಬ್ಬ ಯಶವಂತಪುರ, ಇಬ್ಬರು ಯಲಹಂಕ. ವಿಡಿಯೊದಲ್ಲಿ ಮಾತೆಲ್ಲಾ ಕನ್ನಡ. ಕನ್ನಡ ಮೀಡಿಯಂನಿಂದ ಬಂದು ಕಾಸ್ಟ್ ಅಕೌಂಟಿಂಗ್ ಪುಸ್ತಕದ ಮುಂದೆ ಪೆಚ್ಚಾಗಿ ಕೂತವರಿಗೆ ಅಂತಲೇ ಶುರು ಮಾಡಿದ್ದು. ಆ ಹುಡುಗ, ಆ ಹುಡುಗಿ ನಮ್ಮ ವಿಡಿಯೊ ಇಂಗ್ಲಿಷ್ ಅಂದ್ಕೊಂಡು ದಾಟಿ ಹೋದ್ರೆ ನಾವು ಇದನ್ನ ಮಾಡೋದಾದ್ರೂ ಯಾಕೆ?

ಅದಕ್ಕೇ ಈ ಸರಣಿ. ಕನ್ನಡಾಭಿಮಾನದ ಭಾಷಣ ಅಲ್ಲ, ಹೆದರಬೇಡಿ. ಕನ್ನಡ ಟೈಟಲ್ ನಿಜವಾಗಲೂ ಓಡಲ್ಲ ಅಂತ ಸರಿಯಾಗಿ ತೋರಿಸಿದ್ರೆ ನಾನೇ ಒಪ್ಕೋತೀನಿ. ನನ್ನ ಜಗಳ ಇರೋದು ತೋರಿಸಿದ ರೀತಿ ಮೇಲೆ. ಅದೇ ರೀತಿ ನಾನೂ ಒಂದು ಸಲ ಮೋಸ ಮಾಡಿದೀನಿ, ಅದೂ ಬರುತ್ತೆ.

2/10

ಮೊದಲು ಆ ‘ಡೇಟಾ’ ನೋಡೋಣ.

ಕಾಸ್ಟ್ ಶೀಟ್ ವಿಡಿಯೊ ಸೋಮವಾರ ಹಾಕಿದ್ವಿ. ಟೈಟಲ್: "ಕಾಸ್ಟ್ ಶೀಟ್ ಮಾಡುವ ವಿಧಾನ". ನಾಲ್ಕು ದಿನ ಇತ್ತು. 1,840 ಸಲ ಜನರ ಸ್ಕ್ರೀನ್ ಮೇಲೆ ಕಾಣಿಸಿಕೊಂಡು 55 ಕ್ಲಿಕ್ ಬಂತು. ನೂರಕ್ಕೆ 3.

ಶುಕ್ರವಾರ ಟೈಟಲ್ ಬದಲಾಯ್ತು: "Cost Sheet in 20 Minutes | Exam Sure Question". ಮುಂದಿನ ನಾಲ್ಕು ದಿನಕ್ಕೆ 1,610 ಸಲ ಕಾಣಿಸಿ 97 ಕ್ಲಿಕ್. ನೂರಕ್ಕೆ 6.

ಡಬಲ್! ಸ್ಕ್ರೀನ್‌ಶಾಟ್, ಬೆಂಕಿ ಇಮೋಜಿ, ತೀರ್ಪು.

ಈಗ ನಿಧಾನಕ್ಕೆ ಯೋಚಿಸಿ, ಎರಡು ಟೈಟಲ್ ನಡುವೆ ಏನೇನು ಬದಲಾಯ್ತು? ಲಿಪಿ ಬದಲಾಯ್ತು. ಭಾಷೆ ಬದಲಾಯ್ತು. ‘20 ನಿಮಿಷ’ ಅನ್ನೋ ಮಾತು ಹೊಸದಾಗಿ ಸೇರ್ಕೊಂಡ್ತು. ‘ಎಕ್ಸಾಂ ಶೂರ್’ ಅನ್ನೋ ಆಸೆಯೂ ಸೇರ್ಕೊಂಡ್ತು. ಅದೇ ಕೈಯಲ್ಲಿ ಥಂಬ್‌ನೇಲ್‌ಗೆ ಹಳದಿ ಬಣ್ಣವೂ ಬಿತ್ತು. ಎಲ್ಲಕ್ಕಿಂತ ದೊಡ್ಡದು, ಮುಂದಿನ ಮಂಗಳವಾರ ಇಂಟರ್ನಲ್ಸ್ ಇತ್ತು! ಸೋಮವಾರ ಯಾರಿಗೂ ಬೇಡವಾಗಿದ್ದ ಕಾಸ್ಟ್ ಶೀಟ್ ಶನಿವಾರ ರಾತ್ರಿ ಹೊತ್ತಿಗೆ ಎಲ್ಲರಿಗೂ ಬೇಕು. ಆ ನಾಲ್ಕು ದಿನ "ಹಲೋ" ಅಂತ ಟೈಟಲ್ ಇಟ್ಟಿದ್ರೂ ಕ್ಲಿಕ್ ಏರ್ತಿತ್ತೇನೋ.

ಆರು ಬದಲಾವಣೆ, ಶಿಕ್ಷೆ ಮಾತ್ರ ಒಂದಕ್ಕೆ. ಕನ್ನಡಕ್ಕೆ.

3/10

"ಅಷ್ಟೆಲ್ಲಾ ಯಾಕೆ, ಡಬಲ್ ಆಯ್ತಲ್ಲ" ಅನ್ನೋ ಬಿಕಾಂ ಮಿತ್ರರಿಗೆ ನಮ್ಮದೇ ಸಿಲಬಸ್ ನೆನಪಿಸ್ತೀನಿ.

ಮೆಟೀರಿಯಲ್ ವೇರಿಯನ್ಸ್. ಸ್ಟ್ಯಾಂಡರ್ಡ್ ಪ್ರಕಾರ 100 ಕೆಜಿ, ಕೆಜಿಗೆ ₹10. ಒಟ್ಟು ₹1,000 ಆಗ್ಬೇಕು. ನಿಜವಾಗಿ ಆಗಿದ್ದು 120 ಕೆಜಿ, ಕೆಜಿಗೆ ₹12, ಒಟ್ಟು ₹1,440. ₹440 ಹೆಚ್ಚು ಖರ್ಚು. ಈಗ ಪರೀಕ್ಷೆಯಲ್ಲಿ ನೀವು "₹440 ಜಾಸ್ತಿ ಆಗಿದ್ದು ಪರ್ಚೇಸ್ ಮ್ಯಾನೇಜರ್ ತಪ್ಪು" ಅಂತ ಬರೆದ್ರೆ ಸೊನ್ನೆ. ಬೇರ್ಪಡಿಸಬೇಕು. ದರ ಏರಿದ್ದಕ್ಕೆ 120 × 2 = ₹240. ಬಳಕೆ ಏರಿದ್ದಕ್ಕೆ 20 × 10 = ₹200. ಒಂದು ಪರ್ಚೇಸ್‌ನವರ ಲೆಕ್ಕ, ಇನ್ನೊಂದು ಪ್ರೊಡಕ್ಷನ್‌ನವರ ಲೆಕ್ಕ.

ಹೀಗೆ ಬೇರ್ಪಡಿಸೋಕೆ ಯಾಕಾಯ್ತು? ದರ, ಪ್ರಮಾಣ ಎರಡನ್ನೂ ಪುಸ್ತಕದಲ್ಲಿ ಬೇರೆ ಬೇರೆ ಬರೆದಿಟ್ಟಿದ್ರು, ಅದಕ್ಕೆ. ಟೈಟಲ್‌ನಲ್ಲಿ ಅಂಥ ಪುಸ್ತಕ ಇಲ್ಲ. 97 ಕ್ಲಿಕ್‌ನಲ್ಲಿ ಎಷ್ಟು ಇಂಗ್ಲಿಷ್ ನೋಡಿ ಬಂದವು, ಎಷ್ಟು ಇಂಟರ್ನಲ್ಸ್ ಭಯಕ್ಕೆ ಬಂದವು ಅಂತ ಕ್ಲಿಕ್ ಮೇಲೆ ಬರೆದಿರಲ್ಲ. ಬೇರ್ಪಡಿಸೋಕೆ ಇರೋ ದಾರಿ ಒಂದೇ: ಉಳಿದಿದ್ದೆಲ್ಲಾ ಹಾಗೇ ಬಿಟ್ಟು ಒಂದನ್ನ ಮಾತ್ರ ಬದಲಾಯಿಸಿ ನೋಡೋದು. ಆಮೇಲೆ ಇನ್ನೊಂದು.

(ಗಮನಿಸಿದ್ರಾ? ಮೇಲಿನ ₹240ರಲ್ಲಿ ₹40 ನಿಜಕ್ಕೂ ಯಾರೊಬ್ಬರದ್ದೂ ಅಲ್ಲ. ಹೆಚ್ಚಾದ 20 ಕೆಜಿ ಮೇಲೆ ಹೆಚ್ಚಾದ ₹2. ಎರಡೂ ಒಟ್ಟಿಗೆ ಆಗಿದ್ದಕ್ಕೆ ಹುಟ್ಟಿದ್ದು. ಪುಸ್ತಕದ ಪದ್ಧತಿ ಅಂತ ದರದ ತಲೆಗೆ ಕಟ್ತೀವಿ. ಟೈಟಲ್‌ನಲ್ಲೂ ಇಂಥ ₹40 ಇರುತ್ತೆ. ಈ ಮಾತಿಗೆ ಆಮೇಲೆ ಬರ್ತೀನಿ.)

4/10

ಈಗ ನನ್ನ ತಪ್ಪು.

ತೀರ್ಪು ಕೇಳಿ ಉರಿದು ಹೋಗಿದ್ದೆ. ‘ದಿನ ಬೇರೆ ಆದ್ರೆ ತಾನೆ ಸಮಸ್ಯೆ? ಒಂದೇ ದಿನ, ಒಂದೇ ಗಂಟೆಯಲ್ಲಿ ಮಾಡಿ ತೋರಿಸ್ತೀನಿ’ ಅಂತ ಹೊರಟೆ. ಹೊಸ ವಿಡಿಯೊ ಬ್ರೇಕ್ ಈವನ್ ಪಾಯಿಂಟ್ ಮೇಲೆ. ‘ಎ’ ಸೆಕ್ಷನ್ ಗ್ರೂಪಿಗೆ ಕನ್ನಡ ಟೈಟಲ್ ಹಾಕಿ ಲಿಂಕ್ ಕಳಿಸಿದೆ, ‘ಬಿ’ ಸೆಕ್ಷನ್ ಗ್ರೂಪಿಗೆ ಇಂಗ್ಲಿಷ್ ಟೈಟಲ್. ಎ ಸೆಕ್ಷನ್‌ನಲ್ಲಿ 70 ಜನ, 29 ಮಂದಿ ತೆರೆದ್ರು. ಬಿ ಸೆಕ್ಷನ್‌ನಲ್ಲಿ 54, ತೆರೆದದ್ದು 11. ನೂರಕ್ಕೆ 41 ಎಲ್ಲಿ, 20 ಎಲ್ಲಿ!

ಸ್ಟೋರಿ ಹಾಕಿದೆ. "ಡೇಟಾ ಮಾತಾಡಿತು" ಅಂತ. ನಿಮ್ಮಲ್ಲಿ ಎಷ್ಟೋ ಜನ ಹಾರ್ಟ್ ಒತ್ತಿದ್ರಿ.

ಬಿ ಸೆಕ್ಷನ್ ಹುಡುಗಿಯೊಬ್ಬಳು ಮೆಸೇಜ್ ಮಾಡಿದಳು: "ಎ ಸೆಕ್ಷನ್ ಅಂದ್ರೆ ಲ್ಯಾಂಗ್ವೇಜ್ ಪೇಪರ್ ಕನ್ನಡ ತಗೊಂಡಿರೋರು. ನಾವು ಹಿಂದಿ, ಅಡಿಷನಲ್ ಇಂಗ್ಲಿಷ್ ತಗೊಂಡೋರು. ನಮ್ಮಲ್ಲಿ ಅರ್ಧ ಜನಕ್ಕೆ ನಿಮ್ಮ ಕನ್ನಡ ವಿಡಿಯೊನೇ ಅರ್ಥ ಆಗಲ್ಲ. ಟೈಟಲ್ ಯಾವುದಿದ್ರೇನು?"

ಪೂರ್ತಿ ಸರಿ. ಎರಡು ಟೈಟಲ್ ಹೋಲಿಸ್ತಿದೀನಿ ಅಂದ್ಕೊಂಡು ಎರಡು ಸೆಕ್ಷನ್ ಹೋಲಿಸಿದ್ದೆ. ಬಿ ಸೆಕ್ಷನ್‌ಗೆ ಕನ್ನಡ ಟೈಟಲ್ ಕಳಿಸಿದ್ರೂ ಕಡಿಮೆಯೇ ಬರ್ತಿತ್ತು. ಗೆಳೆಯ ಸಮಯ ಆರಿಸ್ಕೊಂಡ, ನಾನು ಜನರನ್ನ ಆರಿಸ್ಕೊಂಡೆ. ಅವನಿಗೆ ಬೇಕಾದ ಉತ್ತರ ಅವನಿಗೆ ಸಿಕ್ತು, ನನಗೆ ಬೇಕಾದ್ದು ನನಗೆ. ಸ್ಟೋರಿ ಡಿಲೀಟ್ ಮಾಡಿದೆ. ಕ್ಷಮೆ ಕೇಳಿರಲಿಲ್ಲ, ಈಗ ಕೇಳ್ತಿದೀನಿ.

5/10

ಜನರನ್ನ ನಾನೂ ಆರಿಸಬಾರದು, ಅವನೂ ಆರಿಸಬಾರದು ಅಂದ್ರೆ ಯಾರು ಆರಿಸಬೇಕು? ಚೀಟಿ.

ಇದು ಕಂಪ್ಯೂಟರ್ ಕಾಲದ ಬುದ್ಧಿ ಅಂದ್ಕೋಬೇಡಿ. ಹೆಬ್ಬಾಳ ದಾಟಿ ಯಲಹಂಕ ಕಡೆ ಬರೋವಾಗ ಎಡಕ್ಕೆ ಜಿಕೆವಿಕೆ ಸಿಗುತ್ತಲ್ಲ, ಕೃಷಿ ವಿವಿ. ನಾವು ಅಲ್ಲಿಗೆ ಹೋಗೋದು ನವೆಂಬರ್‌ನಲ್ಲಿ ಕೃಷಿ ಮೇಳಕ್ಕೆ, ರಾಗಿ ಐಸ್‌ಕ್ರೀಂ ತಿನ್ನೋಕೆ. ಅಲ್ಲಿನ ಗದ್ದೆಗಳಲ್ಲಿ ಚಿಕ್ಕ ಚಿಕ್ಕ ಮಡಿಗಳಿಗೆ ಬೋರ್ಡ್ ನೆಟ್ಟಿರೋದನ್ನ ಒಂದು ಸಲ ನಿಂತು ನೋಡಿ. ಈ ಗೊಬ್ಬರ ಒಳ್ಳೇದಾ, ಆ ಗೊಬ್ಬರ ಒಳ್ಳೇದಾ ಅಂತ ನೋಡಬೇಕಾದ್ರೆ ಒಂದೇ ತಳಿ ರಾಗಿ, ಒಂದೇ ದಿನ ಬಿತ್ತನೆ, ಒಂದೇ ಅಂತರ. ಗೊಬ್ಬರ ಮಾತ್ರ ಬೇರೆ. ಯಾವ ಮಡಿಗೆ ಯಾವ ಗೊಬ್ಬರ ಅನ್ನೋದನ್ನ ವಿಜ್ಞಾನಿ ತನ್ನ ಇಷ್ಟಕ್ಕೆ ಆರಿಸಲ್ಲ. ಯಾಕಂದ್ರೆ ಹೊಲದ ಒಂದು ಬದಿ ತೇವ ಜಾಸ್ತಿ ಇರುತ್ತೆ, ಇನ್ನೊಂದು ಬದಿ ಮರದ ನೆರಳು ಬೀಳುತ್ತೆ. ಗೊತ್ತಿಲ್ಲದೇನೇ ಮುದ್ದಿನ ಗೊಬ್ಬರಕ್ಕೆ ಒಳ್ಳೆ ಮಣ್ಣು ಕೊಟ್ಟುಬಿಡ್ತೀವಿ. ಹಾಗಾಗಿ ಹೊಲವನ್ನ ಮೊದಲು ಒಂದೇ ಥರದ ಪಟ್ಟಿಗಳಾಗಿ ಭಾಗ ಮಾಡಿ, ಪ್ರತಿ ಪಟ್ಟಿಯೊಳಗೆ ಚೀಟಿ ಎತ್ತಿ ಹಂಚ್ತಾರೆ. ಇದನ್ನ ಶಿಸ್ತಾಗಿ ರೂಪಿಸಿದ್ದು ರೊನಾಲ್ಡ್ ಫಿಶರ್, 1919ರಿಂದ ಇಂಗ್ಲೆಂಡಿನ ರಾತಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂತು.

ನಮ್ಮ ಎ ಸೆಕ್ಷನ್, ಬಿ ಸೆಕ್ಷನ್ ಅಂದ್ರೆ ಅದೇ ತೇವದ ಬದಿ, ನೆರಳಿನ ಬದಿ. ನಾನು ಒಂದು ಗೊಬ್ಬರವನ್ನ ಪೂರ್ತಿ ತೇವದ ಬದಿಗೆ ಸುರಿದಿದ್ದೆ.

6/10

ಮೂರನೇ ಪ್ರಯತ್ನ. ಈ ಸಲ ನಾಲ್ಕೂ ಜನ ಯಲಹಂಕ ನ್ಯೂ ಟೌನ್‌ನ ಟೀ ಅಂಗಡಿಯಲ್ಲಿ ಕೂತು ಮೊದಲೇ ಕಾಗದದ ಮೇಲೆ ಬರೆದ್ವಿ. ಏನು ಬದಲಾಯಿಸ್ತೀವಿ, ಏನು ಎಣಿಸ್ತೀವಿ, ಯಾವಾಗ ನಿಲ್ಲಿಸ್ತೀವಿ.

ಬದಲಾಯಿಸೋದು ಲಿಪಿ ಮಾತ್ರ. ವಿಡಿಯೊ ಮೆಟೀರಿಯಲ್ ವೇರಿಯನ್ಸ್ ಮೇಲೆ. ಒಂದು ಟೈಟಲ್ "ಮೆಟೀರಿಯಲ್ ವೇರಿಯನ್ಸ್: ಒಂದು ಲೆಕ್ಕ, ಮೊದಲಿಂದ ಕೊನೆವರೆಗೆ". ಇನ್ನೊಂದು "Material Variance: ondu lekka, modalinda konevarege". ಅದೇ ಪದ, ಅದೇ ಕ್ರಮ, ಅದೇ ಭರವಸೆ.

"ನಮ್ಮ ಪ್ರಶ್ನೆ ಇಂಗ್ಲಿಷ್ ಭಾಷೆ ಬಗ್ಗೆ ಅಲ್ವಾ?" ಅಂತ ಗೆಳೆಯ ಕೇಳಿದ. ಹೌದು, ಆದ್ರೆ ಅದು ಮುಂದಿನ ಸುತ್ತು. ಅವನ ತೀರ್ಪಿನೊಳಗೆ ಲಿಪಿ, ಭಾಷೆ, ಭರವಸೆ ಮೂರೂ ಗಂಟು ಹಾಕ್ಕೊಂಡಿದ್ವು. ಒಂದೊಂದೇ ಗಂಟು ಬಿಚ್ಚಬೇಕು. ಮೊದಲು ಅಕ್ಷರ ನೋಡಿಯೇ ಜನ ದಾಟಿ ಹೋಗ್ತಾರಾ ಅಂತ.

ಜನ: ಎರಡೂ ಸೆಕ್ಷನ್ ಸೇರಿ 124. ಹೆಸರುಗಳನ್ನ ಎಕ್ಸೆಲ್‌ಗೆ ಹಾಕಿ, ಪಕ್ಕದ ಕಾಲಂನಲ್ಲಿ ಇದು:

```
=RAND()
```

ಪ್ರತಿ ಹೆಸರಿಗೂ ಒಂದು ಅಡ್ಡಾದಿಡ್ಡಿ ಸಂಖ್ಯೆ ಬರುತ್ತೆ. ಶೀಟ್ ಮುಟ್ಟಿದಾಗೆಲ್ಲಾ ಆ ಸಂಖ್ಯೆ ಬದಲಾಗ್ತಾನೇ ಇರುತ್ತೆ, ಅದಕ್ಕೆ ಕಾಪಿ ಮಾಡಿ ಬರೀ ವ್ಯಾಲ್ಯೂ ಆಗಿ ಪೇಸ್ಟ್ ಮಾಡ್ಕೊಳ್ಳಿ. ಆಮೇಲೆ ಸೆಕ್ಷನ್ ಸೆಕ್ಷನ್ ಬೇರೆಯಾಗಿ ಆ ಸಂಖ್ಯೆ ಪ್ರಕಾರ ಸಾರ್ಟ್. ಎ ಸೆಕ್ಷನ್‌ನ 70ರಲ್ಲಿ ಮೇಲಿನ 35 ಜನಕ್ಕೆ ಕನ್ನಡ ಅಕ್ಷರ, ಕೆಳಗಿನ 35ಕ್ಕೆ ಇಂಗ್ಲಿಷ್ ಅಕ್ಷರ. ಬಿ ಸೆಕ್ಷನ್‌ನ 54ರಲ್ಲಿ 27, 27. ಒಟ್ಟು 62, 62. ಎರಡು ಕಡೆಗೂ ತೇವ, ನೆರಳು ಸಮನಾಗಿ ಬಂತು.

7/10

ಕಳಿಸೋದರಲ್ಲೂ ಸುಮಾರು ಜಾಗದಲ್ಲಿ ಕಾಲು ಜಾರುತ್ತೆ.

ನಮ್ಮ ನಾಲ್ವರಲ್ಲಿ ಒಬ್ಬೊಬ್ಬರು ಒಂದೊಂದು ಟೈಟಲ್ ಕಳಿಸಿದ್ರೆ ಜನ ಟೈಟಲ್ ನೋಡಲ್ಲ, ಕಳಿಸಿದವನ ಮುಖ ನೋಡ್ತಾರೆ. ಹಾಗಾಗಿ ಎರಡನ್ನೂ ನಮ್ಮ ಸಿಆರ್ ನಂಬರಿಂದಲೇ, ಎರಡು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ, ರಾತ್ರಿ 8ಕ್ಕೆ ಒಂದರ ಹಿಂದೆ ಒಂದು ಕಳಿಸಿದ್ವಿ. ಸಿಆರ್ ಯಾಕೆ ಅಂದ್ರೆ, ಬ್ರಾಡ್‌ಕಾಸ್ಟ್ ಮೆಸೇಜ್ ನಿಮ್ಮ ನಂಬರ್ ಸೇವ್ ಮಾಡ್ಕೊಂಡಿರೋರಿಗೆ ಮಾತ್ರ ಹೋಗುತ್ತೆ. ಸಿಆರ್ ನಂಬರ್ ಇಲ್ಲದವರು ಕ್ಲಾಸಲ್ಲಿ ಯಾರೂ ಇಲ್ಲ. ಅಟೆಂಡೆನ್ಸ್ ಶಾರ್ಟೇಜ್ ಕೃಪೆ.

ಇನ್ನೊಂದು: ಯೂಟ್ಯೂಬ್ ಲಿಂಕ್ ಹಾಕಿದ್ರೆ ವಾಟ್ಸಾಪ್ ತಾನೇ ಪ್ರಿವ್ಯೂ ತೋರಿಸುತ್ತೆ, ಅದರಲ್ಲಿ ವಿಡಿಯೊದ ನಿಜವಾದ ಟೈಟಲ್ ಇರುತ್ತೆ. ನೀವು ಮೇಲೆ ಕನ್ನಡದಲ್ಲಿ ಬರೆದು ಕೆಳಗೆ ಇಂಗ್ಲಿಷ್ ಪ್ರಿವ್ಯೂ ಬಿಟ್ರೆ ಟೆಸ್ಟ್ ಅಲ್ಲೇ ಹಾಳು. ಕಳಿಸೋ ಮೊದಲು ಪ್ರಿವ್ಯೂ ಮೇಲಿನ ‘x’ ಒತ್ತಿ ತೆಗೀಬೇಕು. ಎರಡು ಗುಂಪಿಗೆ ಎರಡು ಬೇರೆ ಶಾರ್ಟ್ ಲಿಂಕ್, ಒಂದೇ ಫೋನಿಂದ ಮೂರು ಸಲ ಒತ್ತಿದ್ರೂ ಒಂದೇ ಅಂತ ಎಣಿಸೋ ಥರದ್ದು. ಯಾರೋ ಪಕ್ಕದವನಿಗೆ ಫಾರ್ವರ್ಡ್ ಮಾಡಿದ್ರೆ? ಅದನ್ನ ಪೂರ್ತಿ ತಡೆಯೋಕಾಗಲ್ಲ. ಎರಡೂ ಕಡೆ ಅದು ಒಂದೇ ಥರ ಆಗುತ್ತೆ ಅಂತ ನಂಬಿದ್ವಿ.

ಮೊದಲ ರಾತ್ರಿ 10ಕ್ಕೆ ಯಾರೋ ಇಣುಕಿದ್ರು (ನಾನೇ). ಕನ್ನಡ ಅಕ್ಷರ 9, ಇಂಗ್ಲಿಷ್ ಅಕ್ಷರ 3. ಮೂರು ಪಟ್ಟು! ಕೈ ಸ್ಟೋರಿ ಬಟನ್ ಮೇಲೆ ಹೋಗಿತ್ತು. ಕಾಗದದಲ್ಲಿ ‘ಮೂರು ದಿನ’ ಅಂತ ಬರೆದಿದ್ವಲ್ಲ, ಅದೊಂದೇ ತಡೀತು.

ಮೂರನೇ ರಾತ್ರಿ: ಕನ್ನಡ ಅಕ್ಷರ 21, ಇಂಗ್ಲಿಷ್ ಅಕ್ಷರ 17.

8/10

21-17. ಕನ್ನಡ ಗೆಲ್ತಾ?

ಹೀಗೆ ನೋಡಿ. ಲಿಪಿಯಿಂದ ಏನೂ ವ್ಯತ್ಯಾಸ ಆಗಲ್ಲ ಅಂತಲೇ ಇಟ್ಕೊಳ್ಳೋಣ. ಒಟ್ಟು 38 ಜನ ತೆರೆದ್ರು. ಆಗ ಆ ಒಬ್ಬೊಬ್ಬರೂ ಯಾವ ಗುಂಪಿನವರು ಅನ್ನೋದು ನಾಣ್ಯ ಚಿಮ್ಮಿದ ಹಾಗೆ. 38 ಸಲ ನಾಣ್ಯ ಚಿಮ್ಮಿ, ಸರಿಯಾಗಿ 19-19 ಬರೋದು ಅಪರೂಪ. 21-17 ಬರ್ತಾನೇ ಇರುತ್ತೆ, 16-22 ಕೂಡ. ನಂಬಿಕೆ ಇಲ್ಲದಿದ್ರೆ ಇವತ್ತು ರಾತ್ರಿ ಒಂದು ರೂಪಾಯಿ ತಗೊಂಡು ಕೂತ್ಕೊಳ್ಳಿ.

ಕೈಲೆಕ್ಕಕ್ಕೆ ಒಂದು ಅಳತೆ ಇದೆ. ಗುಂಪುಗಳು ಸಮ ಇದ್ದಾಗ, ಒಟ್ಟು ಕ್ಲಿಕ್‌ನ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. ಎರಡರ ಮಧ್ಯದ ಅಂತರ ಅದನ್ನ ದಾಟಿದ್ರೆ ಮಾತ್ರ ಮಾತಾಡಿ. 38ರ ವರ್ಗಮೂಲ ಸುಮಾರು 6.2, ಎರಡು ಪಟ್ಟು 12. ನಮ್ಮ ಅಂತರ 4. ಮಾತಾಡೋ ಹಾಗಿಲ್ಲ. ಮೊದಲ ರಾತ್ರಿಯ ‘ಮೂರು ಪಟ್ಟು’ ಕೂಡ ದಾಟಿರಲಿಲ್ಲ: 12ರ ವರ್ಗಮೂಲ 3.5, ಎರಡು ಪಟ್ಟು 7, ಅಂತರ 6.

ಈ ಅಳತೆಯನ್ನ ಮೊದಲೇ ಹೇಳಿದ ಕೊನೆಯ ದಿನ ಒಂದೇ ಸಲ ಹಾಕಬೇಕು. ಗಂಟೆಗೊಂದು ಸಲ ಇಣುಕಿ, ನಮಗೆ ಬೇಕಾದ ಕಡೆ ದಾಟಿದ ತಕ್ಷಣ ನಿಲ್ಲಿಸಿದ್ರೆ ಯಾವ ಟೈಟಲ್ ಬೇಕಾದ್ರೂ ಒಂದಲ್ಲ ಒಂದು ಗಂಟೆಯಲ್ಲಿ ಗೆದ್ದಿರುತ್ತೆ. ಮ್ಯಾಚ್‌ನ ನಾಲ್ಕನೇ ಓವರ್‌ಗೆ ಆರ್‌ಸಿಬಿ ಗೆದ್ತು ಅಂತ ಟಿವಿ ಆಫ್ ಮಾಡಿದ ಹಾಗೆ. ನಮ್ಮೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಇನ್ನೂ ಅನುಮಾನ ಇತ್ತು ನನಗೆ. ಮುಂದಿನ ವಿಡಿಯೊ, ಫ್ಲೆಕ್ಸಿಬಲ್ ಬಜೆಟ್. ಮತ್ತೆ ಚೀಟಿ ಎತ್ತಿ 62, 62 ಮಾಡಿದ್ವಿ. ಆದ್ರೆ ಈ ಸಲ ಎರಡೂ ಗುಂಪಿಗೆ ಅಕ್ಷರ ಅಕ್ಷರ ಒಂದೇ ಟೈಟಲ್. ಲಿಂಕ್ ಮಾತ್ರ ಬೇರೆ. ಬಂದಿದ್ದು 15 ಮತ್ತು 22.

ಒಂದೇ ಟೈಟಲ್‌ಗೂ ಅದೇ ಟೈಟಲ್‌ಗೂ ಮಧ್ಯೆ 7 ಅಂತರ! ಕನ್ನಡ-ಇಂಗ್ಲಿಷ್ ಮಧ್ಯೆ ಇದ್ದಿದ್ದು 4.

9/10

ಈಗ ನಿಮ್ಮ ಪ್ರಶ್ನೆಗಳು. ಡಿಎಂನಲ್ಲಿ ಬಂದವು.

"ಹಂಗಾದ್ರೆ ಎಷ್ಟು ಜನ ಬೇಕು?" ಹಿಡಿಯಬೇಕಾದ ವ್ಯತ್ಯಾಸ ಎಷ್ಟು ಚಿಕ್ಕದೋ ಅಷ್ಟು ಜಾಸ್ತಿ ಜನ ಬೇಕು. ನೂರಕ್ಕೆ 3 ಕ್ಲಿಕ್ ಬರೋ ಟೈಟಲನ್ನ ನೂರಕ್ಕೆ 4 ಬರೋ ಟೈಟಲಿಂದ ಬೇರೆ ಮಾಡಿ ತೋರಿಸೋಕೆ ಒಂದೊಂದಕ್ಕೂ ಸುಮಾರು 5,400 ಜನ. ಟೈಟಲ್ ವ್ಯತ್ಯಾಸಗಳು ಸಾಮಾನ್ಯವಾಗಿ ಅಷ್ಟು ಚಿಕ್ಕವೇ. ಅಪ್‌ವರ್ತಿ ಅನ್ನೋ ಅಮೆರಿಕದ ಸೈಟ್ ಒಂದೇ ಸುದ್ದಿಗೆ ಬೇರೆ ಬೇರೆ ಶೀರ್ಷಿಕೆ ಕೊಟ್ಟು, ಓದುಗರಿಗೆ ಯಾದೃಚ್ಛಿಕವಾಗಿ ಹಂಚಿ, 2013ರಿಂದ 2015ರವರೆಗೆ ಸಾವಿರಾರು ಟೆಸ್ಟ್ ಮಾಡಿತ್ತು. ಆ ದಾಖಲೆ ಹಿಡ್ಕೊಂಡು 2023ರಲ್ಲಿ ಸಂಶೋಧಕರು ಲೆಕ್ಕ ಹಾಕಿದ್ರು: ಸಾಮಾನ್ಯ ಉದ್ದದ ಶೀರ್ಷಿಕೆಯಲ್ಲಿ ಒಂದು ನಕಾರಾತ್ಮಕ ಪದ ಹೆಚ್ಚಾದ್ರೆ ಕ್ಲಿಕ್ ದರ ಏರೋದು 2.3%. ನೂರು ಕ್ಲಿಕ್ ಇದ್ದ ಕಡೆ 102. ಅಷ್ಟೇ. ಇನ್ನು ಮುಂದೆ ಯಾರಾದ್ರೂ "ಒಂದು ಪದ ಬದಲಾಯಿಸಿದೆ, ಡಬಲ್ ಆಯ್ತು" ಅಂದ್ರೆ ಮೊದಲು ಕ್ಯಾಲೆಂಡರ್ ನೋಡಿ, ಮಾರನೇ ದಿನ ಏನಿತ್ತು ಅಂತ.

"ಒಂದೊಂದೇ ಬದಲಾಯಿಸ್ತಾ ಕೂತ್ರೆ ಡಿಗ್ರಿ ಮುಗಿಯುತ್ತೆ." ನಿಜ. ಎಲ್ಲಾ ಒಟ್ಟಿಗೆ ಬದಲಾಯಿಸಿ ಎರಡು ಪೂರ್ತಿ ಟೈಟಲ್ ಹೋಲಿಸೋದು ತಪ್ಪಲ್ಲ, ಚೀಟಿ ಎತ್ತಿ ಹಂಚಿದ್ರೆ ಸಾಕು. ಆದ್ರೆ ಆಗ ಹೇಳಬಹುದಾದ್ದು ‘ಈ ಟೈಟಲ್ ಆ ಟೈಟಲ್‌ಗಿಂತ ಚೆನ್ನಾಗಿ ಓಡ್ತು’ ಅಂತ ಮಾತ್ರ. ಯಾಕೆ ಓಡ್ತು ಅನ್ನೋ ಕಾರಣ ಕೈಗೆ ಬರಲ್ಲ. ಆ ₹40 ನೆನಪಿದ್ಯಾ? ಕನ್ನಡ ಅಕ್ಷರದಲ್ಲಿ ‘20 ನಿಮಿಷ’ ಒಂದು ಥರ ಕೆಲಸ ಮಾಡಿ, ಇಂಗ್ಲಿಷ್‌ನಲ್ಲಿ ಇನ್ನೊಂದು ಥರ ಮಾಡಬಹುದು. ಅದನ್ನ ನೋಡೋಕೆ ನಾಲ್ಕು ಜೋಡಿಯನ್ನೂ ಓಡಿಸಬೇಕು. ನಮ್ಮ 124 ಜನಕ್ಕೆ ಅದು ಆಗೋ ಮಾತಲ್ಲ.

"ಯೂಟ್ಯೂಬ್‌ನಲ್ಲೇ ಟೆಸ್ಟ್ ಇದೆಯಲ್ಲ?" ಇದೆ. ಮೊದಲು ಥಂಬ್‌ನೇಲ್‌ಗೆ ಮಾತ್ರ ಇತ್ತು, ಆಮೇಲೆ ಟೈಟಲ್‌ಗೂ ಬಂತು. ಮೂರರವರೆಗೆ ಕೊಡಬಹುದು, ಒಂದೇ ಕಾಲಕ್ಕೆ ನೋಡುಗರಿಗೆ ಹಂಚಿ ತೋರಿಸುತ್ತೆ. ನಮ್ಮ ಶುಕ್ರವಾರದ ಆಟಕ್ಕಿಂತ ನೂರು ಪಾಲು ಮೇಲು. ಚಿಕ್ಕ ಚಾನೆಲ್‌ಗೆ ಸ್ಪಷ್ಟ ಗೆಲುವಿಲ್ಲ ಅಂತ ಬರೋದೇ ಹೆಚ್ಚು. ಅದನ್ನ ಬೈಬೇಡಿ, ಅದು ಪ್ರಾಮಾಣಿಕ ಉತ್ತರ.

ಇನ್ನೊಂದು ಮಿತಿ ನಮ್ಮ ವಾಟ್ಸಾಪ್ ಟೆಸ್ಟ್‌ನದ್ದು. ಗೊತ್ತಿರೋ ಸಿಆರ್ ಕಳಿಸಿದಾಗ ತೆರೆಯೋದು ಬೇರೆ, ತುಮಕೂರಲ್ಲೋ ಕೋಲಾರದಲ್ಲೋ ಒಬ್ಬ ಹುಡುಗ ಸರ್ಚ್ ಬಾಕ್ಸಲ್ಲಿ "cost sheet" ಅಂತ ಟೈಪ್ ಮಾಡಿದಾಗ ಕಣ್ಣಿಗೆ ಬೀಳೋದು ಬೇರೆ. ಎರಡನೆಯದರ ಬಗ್ಗೆ ನಮ್ಮ 21-17 ಒಂದಕ್ಷರವನ್ನೂ ಹೇಳಲ್ಲ.

10/10

ಕೊನೆಗೆ, ಆ ಮೊದಲ ಸ್ಕ್ರೀನ್‌ಶಾಟ್‌ನಲ್ಲಿ ಕತ್ತರಿಸಿ ಹೋಗಿದ್ದ ಒಂದು ಸಾಲು.

ಯೂಟ್ಯೂಬ್‌ನ ಟೆಸ್ಟ್ ಗೆದ್ದವರನ್ನ ಕ್ಲಿಕ್ ನೋಡಿ ಆರಿಸಲ್ಲ, ಯಾವ ಟೈಟಲಿಂದ ಬಂದವರು ಒಟ್ಟು ಎಷ್ಟು ಹೊತ್ತು ನೋಡಿದ್ರು ಅಂತ ನೋಡುತ್ತೆ. ನಮ್ಮ ಕಾಸ್ಟ್ ಶೀಟ್ ವಿಡಿಯೊದ ಆ ಅಂಕಿ ತೆಗೆದೆ. ಕನ್ನಡ ಟೈಟಲ್ ಇದ್ದ ನಾಲ್ಕು ದಿನ ಸರಾಸರಿ 6 ನಿಮಿಷ 10 ಸೆಕೆಂಡ್. ‘ಎಕ್ಸಾಂ ಶೂರ್’ ಇದ್ದ ನಾಲ್ಕು ದಿನ 2 ನಿಮಿಷ 5 ಸೆಕೆಂಡ್. ಗುಣಿಸಿ. 55 ಕ್ಲಿಕ್‌ಗೆ ಸುಮಾರು 339 ನಿಮಿಷ, 97 ಕ್ಲಿಕ್‌ಗೆ ಸುಮಾರು 202. ಶೂರ್ ಕ್ವೆಶ್ಚನ್ ಎಲ್ಲಿ ಅಂತ ಹುಡುಕಿ, ಇಲ್ಲ ಅಂತ ಗೊತ್ತಾಗಿ ಎದ್ದು ಹೋಗಿದಾರೆ.

ಅಂದ್ರೆ ಅದೇ ಡೇಟಾ ಇಟ್ಕೊಂಡು "ಇಂಗ್ಲಿಷ್ ಟೈಟಲ್ ಓಡಲ್ಲ" ಅಂತ ನಾನು ಸ್ಟೋರಿ ಹಾಕಬಹುದಿತ್ತು. ಬೆಂಕಿ ಇಮೋಜಿ ಸಮೇತ. ಹಾಕಲ್ಲ. ಇಂಟರ್ನಲ್ಸ್ ಹಿಂದಿನ ರಾತ್ರಿ ಯಾವ ವಿಡಿಯೊನ ಯಾರು ತಾನೇ ಪೂರ್ತಿ ನೋಡ್ತಾರೆ? ಮೊದಲ ಸುತ್ತಿನ ಕಸ ನನ್ನ ಕಡೆ ಬಂದು ಬಿದ್ರೂ ಕಸವೇ.

ಗೆಳೆಯನಿಗೆ, ಇಲ್ಲೇ, ಎಲ್ಲರ ಮುಂದೆ: ಕನ್ನಡ ಟೈಟಲ್ ಓಡುತ್ತೆ ಅಂತ ನಾನು ತೋರಿಸಿಲ್ಲ. ಓಡಲ್ಲ ಅಂತ ನೀನೂ ತೋರಿಸಿಲ್ಲ. ಗೊತ್ತಿಲ್ಲದೇ ಇರೋವಾಗ ಹಳೇ ಟೈಟಲ್‌ಗಳನ್ನ ಯಾಕೆ ಅಳಿಸಿದ್ವಿ? ವಾಪಸ್ ಹಾಕೋಣ. ಹೊಸ ವಿಡಿಯೊಗಳಿಗೆ ಪ್ರತಿ ಸಲ ಚೀಟಿ ಎತ್ತಿ, ಅರ್ಧ ಜನಕ್ಕೆ ಕನ್ನಡ ಅಕ್ಷರ, ಅರ್ಧ ಜನಕ್ಕೆ ಇಂಗ್ಲಿಷ್ ಅಕ್ಷರ. ಎಲ್ಲಾ ವಿಡಿಯೊದ ಕ್ಲಿಕ್ ಕೂಡಿಸ್ತಾ ಹೋಗೋಣ. ಒಟ್ಟು 400 ಆಗೋವರೆಗೆ ಇಬ್ಬರೂ ಬಾಯಿ ಮುಚ್ಕೊಂಡಿರೋಣ, ಇಣುಕೋದು ಬೇಡ, ನಾನೂ ಇಣುಕಲ್ಲ. 400ರ ವರ್ಗಮೂಲ 20, ಎರಡು ಪಟ್ಟು 40. 220-180 ದಾಟಿ ನೀನು ಗೆದ್ರೆ ಮುಂದಿನ ಸೆಮಿಸ್ಟರ್ ಪೂರ್ತಿ ನಿನ್ನ ಅಕ್ಷರ. ನಾನು ಗೆದ್ರೆ ಕನ್ನಡ ಅಕ್ಷರ. ಯಾರೂ ದಾಟದಿದ್ರೆ ಅವರವರು ಎಡಿಟ್ ಮಾಡಿದ ವಿಡಿಯೊಗೆ ಅವರವರ ಟೈಟಲ್.

ಮುಂದಿನ ವಿಡಿಯೊ ಪ್ರೊಸೆಸ್ ಕಾಸ್ಟಿಂಗ್, ಭಾನುವಾರ. ಶನಿವಾರ ಸಂಜೆ 6ಕ್ಕೆ ಟೀ ಅಂಗಡಿಗೆ ಬಾ, ಹೆಬ್ಬಾಳ ಫ್ಲೈಓವರ್ ಟ್ರಾಫಿಕ್ ಅಂತ ಕಥೆ ಹೇಳ್ಬೇಡ. ಲ್ಯಾಪ್‌ಟಾಪ್ ನಾನು ತರ್ತೀನಿ, ಸಾರ್ಟ್ ಬಟನ್ ಬಿ ಸೆಕ್ಷನ್ ಹುಡುಗಿ ಒತ್ತುತ್ತಾಳೆ.